ಹಬ್ಬದ ಶುಭಾಶಯ ಕಾರ್ಡ್ ತೆರೆದರೆ ಮಾತ್ರ ಉಡುಗೊರೆ ಹಣ ಖಾತೆಗೆ ಬರುತ್ತದೆಯೇ?

ಸಾರಾಂಶ

ಹಬ್ಬದ ದಿನಗಳಲ್ಲಿ ಪಾವತಿ ಆ್ಯಪ್ ಮೂಲಕ ಶುಭಾಶಯದ ಜೊತೆ ಹಣ ಕಳಿಸುವುದು ಈಗ ಸಾಮಾನ್ಯ. ಇದರ ಜೊತೆಗೇ ಒಂದು ತಪ್ಪು ಕಲ್ಪನೆಯೂ ಬೆಳೆದಿದೆ. ಬಂದ ಕಾರ್ಡನ್ನು ತೆರೆಯಬೇಕು, ಉಜ್ಜಬೇಕು, ಕೊನೆಗೆ ಪಿನ್ ಒತ್ತಬೇಕು, ಆಗಲೇ ಹಣ ನಮ್ಮ ಖಾತೆಗೆ ಸೇರುತ್ತದೆ ಎಂದು ಹಲವರು ನಂಬಿದ್ದಾರೆ. ಯುಪಿಐ ಮೂಲಕ ಕಳಿಸಿದ ಹಣದ ಮಟ್ಟಿಗೆ ಇದು ಸುಳ್ಳು. ನೀವು ಕಾರ್ಡ್ ನೋಡುವ ಹೊತ್ತಿಗೆ ಹಣ ಆಗಲೇ ನಿಮ್ಮ ಬ್ಯಾಂಕ್ ಖಾತೆಯಲ್ಲಿರುತ್ತದೆ. ಕಾರ್ಡ್ ಎನ್ನುವುದು ಹಣ ತುಂಬಿದ ಲಕೋಟೆಯಲ್ಲ, ಹಣ ತಲುಪಿದ ಸುದ್ದಿಗೆ ಹಾಕಿದ ಅಲಂಕಾರ.

ಜನರ ನಂಬಿಕೆ ಏನು?

ಗೌರಿ ಗಣೇಶ, ದಸರಾ, ದೀಪಾವಳಿ ಹತ್ತಿರವಾದಂತೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. "ನಿಮಗೆ ಹಬ್ಬದ ಉಡುಗೊರೆಯಾಗಿ 2,000 ರೂಪಾಯಿ ಬಂದಿದೆ, ಪಡೆಯಲು ಇಲ್ಲಿ ಒತ್ತಿ" ಎಂಬ ಸಾಲು, ಅದರ ಕೆಳಗೆ ದೀಪದ ಚಿತ್ರ, ಒಂದು ಲಿಂಕ್ ಅಥವಾ ಕ್ಯೂಆರ್ ಕೋಡ್. ಪಾವತಿ ಆ್ಯಪ್‌ಗಳು ಕ್ಯಾಶ್‌ಬ್ಯಾಕ್ ಕೊಡುವಾಗ ಉಜ್ಜುವ ಕಾರ್ಡ್ ತೋರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಉಡುಗೊರೆಯೂ ಹೀಗೆಯೇ ಬರುತ್ತದೆ ಎಂದು ನಂಬುವುದು ಸುಲಭ.

ಕಾಗದದ ಲಕೋಟೆಯ ಅಭ್ಯಾಸವೂ ಈ ನಂಬಿಕೆಗೆ ಬಲ ಕೊಡುತ್ತದೆ. ಮದುವೆಯಲ್ಲಿ ಮುಯ್ಯಿ ಕೊಟ್ಟ ಲಕೋಟೆಯನ್ನು ತೆರೆದಾಗಲೇ ಒಳಗಿನ ನೋಟು ಕೈಗೆ ಬರುವುದು. ಆ್ಯಪ್‌ನಲ್ಲೂ ಹಾಗೆಯೇ ಇರಬೇಕು ಎಂದು ಮನಸ್ಸು ಊಹಿಸುತ್ತದೆ. ಆದರೆ ಯುಪಿಐ ಕೆಲಸ ಮಾಡುವ ರೀತಿ ಬೇರೆ.

ಹಣ ನಿಜವಾಗಿ ಹೇಗೆ ಹೋಗುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ತಮ್ಮ, ಹಾಸನದಲ್ಲಿರುವ ಅಕ್ಕನಿಗೆ ಗೌರಿ ಹಬ್ಬಕ್ಕೆ ತವರಿನ ಪರವಾಗಿ 1,001 ರೂಪಾಯಿ ಕಳಿಸುತ್ತಾನೆ. ಬಾಗಿನ ಕೊಡಲು ಹೋಗಲಾಗಿಲ್ಲ, ಅರಿಶಿನ ಕುಂಕುಮಕ್ಕೆ ಎಂದು ಹಣವನ್ನಾದರೂ ಕಳಿಸೋಣ ಎಂಬುದು ಅವನ ಲೆಕ್ಕ.

ಅವನು ಆ್ಯಪ್ ತೆರೆದು ಅಕ್ಕನ ಮೊಬೈಲ್ ಸಂಖ್ಯೆ ಹಾಕುತ್ತಾನೆ. ಆ ಸಂಖ್ಯೆಗೆ ಜೋಡಿಸಿರುವ ಯುಪಿಐ ವಿಳಾಸ ಯಾವುದು ಎಂದು ಆ್ಯಪ್ ಕಂಡುಕೊಂಡು, ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನು ಪರದೆಯ ಮೇಲೆ ತೋರಿಸುತ್ತದೆ. ಅವನ ಫೋನಿನಲ್ಲಿ "ಅಕ್ಕ" ಎಂದು ಉಳಿಸಿಕೊಂಡ ಹೆಸರಿಗಿಂತ ಈ ಹೆಸರು ಮುಖ್ಯ. ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನು ಹೇಳುವುದು ಇದೇ. 2025ರ ಜೂನ್ ಕೊನೆಯಿಂದ, ಹಣ ಕಳಿಸುವ ಮುನ್ನ ಬ್ಯಾಂಕಿನಲ್ಲಿ ನೋಂದಾಯಿತವಾದ ಹೆಸರನ್ನೇ ಆ್ಯಪ್‌ಗಳು ತೋರಿಸಬೇಕು ಎಂಬ ನಿಯಮ ಬಂದಿದೆ.

ನಂತರ ಅವನು ಮೊತ್ತ ಹಾಕಿ, ಹಬ್ಬದ ಒಂದು ಚಿತ್ರ ಆರಿಸಿ, ಕೆಳಗೆ ಒಂದು ಸಾಲು ಶುಭಾಶಯ ಬರೆದು, ಯುಪಿಐ ಪಿನ್ ಒತ್ತುತ್ತಾನೆ. ಪಿನ್ ಕೇಳುವ ಪರದೆ ಆ್ಯಪ್ ಕಂಪನಿಯದಲ್ಲ. ಯುಪಿಐ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯೇ ಅದನ್ನು ಎಲ್ಲ ಆ್ಯಪ್‌ಗಳಿಗೂ ಒದಗಿಸಿದೆ. ಒತ್ತಿದ ಪಿನ್ ಗೂಢಲಿಪಿಯಾಗಿ ತಮ್ಮನ ಬ್ಯಾಂಕಿಗೆ ಹೋಗುತ್ತದೆ. ಪಿನ್ ಸರಿಯಿದೆಯೇ ಎಂದು ನೋಡುವುದು ಆ ಬ್ಯಾಂಕೇ.

ಮುಂದಿನ ಕೆಲಸ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ತಮ್ಮನ ಖಾತೆಯಿಂದ 1,001 ರೂಪಾಯಿ ಕಡಿತ ಮಾಡುವಂತೆ ಎನ್‌ಪಿಸಿಐ ಅವನ ಬ್ಯಾಂಕಿಗೆ ಹೇಳುತ್ತದೆ. ಕಡಿತವಾಯಿತು ಎಂಬ ಉತ್ತರ ಬಂದ ಮೇಲೆ, ಅಷ್ಟೇ ಮೊತ್ತವನ್ನು ಜಮೆ ಮಾಡುವಂತೆ ಅಕ್ಕನ ಬ್ಯಾಂಕಿಗೆ ಹೇಳುತ್ತದೆ. ಜಮೆಯಾಯಿತು ಎಂಬ ಉತ್ತರ ಬಂದಾಗ ತಮ್ಮನ ಪರದೆಯಲ್ಲಿ ಹಸಿರು ಗುರುತು ಮೂಡುತ್ತದೆ. ಈ ವ್ಯವಹಾರಕ್ಕೆ 12 ಅಂಕಿಗಳ ಒಂದು ಸಂಖ್ಯೆಯೂ ಸಿಗುತ್ತದೆ.

ಇಷ್ಟು ಹಂತಗಳಲ್ಲಿ ಅಕ್ಕ ಏನು ಮಾಡಿದಳು? ಏನೂ ಇಲ್ಲ. ಅವಳು ಆಗ ಹೋಳಿಗೆ ಲಟ್ಟಿಸುತ್ತಿರಬಹುದು, ಫೋನು ಒಳಕೋಣೆಯಲ್ಲಿರಬಹುದು. ಒಪ್ಪಿಗೆ ಬೇಕಾಗಿದ್ದು ಹಣ ಹೋಗುವ ಖಾತೆಯವನದು ಮಾತ್ರ. ಹಣ ಬರುವ ಖಾತೆಯವಳನ್ನು ಯಾರೂ ಏನೂ ಕೇಳುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ನಾವು ಕಚೇರಿಯಲ್ಲಿ ಎರಡು ಫೋನುಗಳ ನಡುವೆ 11 ರೂಪಾಯಿ ಕಳಿಸಿ ನೋಡಿದೆವು. ಪಡೆಯುವ ಫೋನಿನ ಇಂಟರ್ನೆಟ್ಟನ್ನು ಮೊದಲೇ ಆಫ್ ಮಾಡಿಟ್ಟಿದ್ದೆವು. ಪಾವತಿ ಆ್ಯಪ್‌ನಲ್ಲಿ ಕಾರ್ಡ್ ಕಾಣಿಸಲಿಲ್ಲ. ಆದರೆ ಬ್ಯಾಂಕಿನ ಎಸ್‌ಎಂಎಸ್ ಬಂತು, ಹಣ ಜಮೆಯಾಗಿತ್ತು. ಇಂಟರ್ನೆಟ್ ಆನ್ ಮಾಡಿದ ಮೇಲೆ ಆ್ಯಪ್‌ನಲ್ಲಿ ಕಾರ್ಡ್ ಅರಳಿತು. ಹಣ ಮೊದಲು ಬಂತು, ಲಕೋಟೆ ಆಮೇಲೆ ಬಂತು.

ಹಾಗಾದರೆ ಶುಭಾಶಯ ಯಾವ ದಾರಿಯಲ್ಲಿ ಬರುತ್ತದೆ?

ಶುಭಾಶಯದಲ್ಲಿ ಎರಡು ಭಾಗಗಳಿವೆ, ಎರಡರ ದಾರಿಯೂ ಬೇರೆ. ಮೊದಲನೆಯದು ಬರೆದ ಸಾಲು. ಪ್ರತಿ ಯುಪಿಐ ಪಾವತಿಯಲ್ಲೂ ಒಂದು ಚಿಕ್ಕ ಟಿಪ್ಪಣಿಗೆ ಜಾಗವಿದೆ. ಬಾಡಿಗೆ ಕಟ್ಟುವಾಗ "ಆಗಸ್ಟ್ ಬಾಡಿಗೆ" ಎಂದು ಬರೆಯುವುದೂ ಇದೇ ಜಾಗದಲ್ಲಿ. ಈ ಟಿಪ್ಪಣಿ ಹಣದ ಆದೇಶದ ಜೊತೆಗೇ ಬ್ಯಾಂಕುಗಳ ದಾರಿಯಲ್ಲಿ ಸಾಗುತ್ತದೆ. ಅದಕ್ಕೇ ಎಷ್ಟೋ ಸಲ ಬ್ಯಾಂಕಿನ ಲೆಕ್ಕದ ಪಟ್ಟಿಯಲ್ಲೂ ಅದರ ತುಣುಕು ಕಾಣಿಸುತ್ತದೆ. ಉದ್ದ ಬರೆದರೆ ಮಧ್ಯಕ್ಕೆ ತುಂಡಾಗಿರುತ್ತದೆ.

ಎರಡನೆಯದು ಚಿತ್ರ, ಬಣ್ಣ, ಹಾರುವ ಹೂವು, ಸಿಡಿಯುವ ಪಟಾಕಿ. ಇದು ಆ್ಯಪ್ ಕಂಪನಿಯ ಸ್ವಂತ ಅಲಂಕಾರ. ಬ್ಯಾಂಕಿಗೆ ಇದರ ಸುಳಿವೇ ಇರುವುದಿಲ್ಲ. ಹಾಗಾಗಿ ತಮ್ಮ ಒಂದು ಆ್ಯಪ್‌ನಿಂದ ಕಳಿಸಿ, ಅಕ್ಕ ಬೇರೊಂದು ಆ್ಯಪ್ ಬಳಸುತ್ತಿದ್ದರೆ, ಅವಳಿಗೆ 1,001 ರೂಪಾಯಿ ಪೂರ್ತಿ ಬರುತ್ತದೆ, ಆದರೆ ಚಿತ್ರ ಬರುವುದಿಲ್ಲ. "ಕಾರ್ಡ್ ಬಂದಿಲ್ಲ, ಹಣ ಎಲ್ಲೋ ಸಿಕ್ಕಿಹಾಕಿಕೊಂಡಿದೆ" ಎಂದು ಗಾಬರಿಯಾಗುವುದು ಇಂಥ ಸಂದರ್ಭದಲ್ಲೇ. ಹಣ ಬಂದಿದೆಯೇ ಎಂದು ತಿಳಿಯಲು ಕಾರ್ಡ್ ಹುಡುಕಬಾರದು, ಬ್ಯಾಂಕ್ ಖಾತೆಯನ್ನು ನೋಡಬೇಕು.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಉಡುಗೊರೆ ಬರುತ್ತದೆಯೇ?

ಇಲ್ಲ. ಕ್ಯೂಆರ್ ಕೋಡ್ ಒಳಗೆ ಏನಿರುತ್ತದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಪಾವತಿಯ ಕ್ಯೂಆರ್ ಕೋಡ್ ಎಂದರೆ ಚಿತ್ರವಾಗಿ ಬರೆದ ಒಂದು ಸಾಲು. ನಮ್ಮ ಉದಾಹರಣೆಯ ಪಾವತಿಗೆ ಅಂಥ ಸಾಲು ಹೀಗಿರಬಹುದು:

```
upi://pay?pa=akka@bank&pn=Akka&am=1001.00&cu=INR&tn=Gowri%20habba
```

ಇದರಲ್ಲಿ `pa` ಎಂದರೆ ಹಣ ಪಡೆಯುವವರ ವಿಳಾಸ, `pn` ಅವರ ಹೆಸರು, `am` ಮೊತ್ತ, `cu` ಯಾವ ದೇಶದ ಹಣ ಎಂಬುದು, `tn` ಟಿಪ್ಪಣಿ. ಶುಭಾಶಯಕ್ಕೆ ಸಿಗುವ ಜಾಗ ಈ `tn` ಮಾತ್ರ. ಅಲ್ಲಿ "ನಿಮಗೆ ಉಡುಗೊರೆ" ಎಂದು ಯಾರು ಬೇಕಾದರೂ ಬರೆಯಬಹುದು, ಅದರಿಂದ ಹಣದ ದಿಕ್ಕು ಬದಲಾಗುವುದಿಲ್ಲ. ಸಾಲಿನ ಮೊದಲಲ್ಲೇ `pay`, ಅಂದರೆ "ಪಾವತಿಸು" ಎಂದು ಇದೆ. ಸ್ಕ್ಯಾನ್ ಮಾಡಿದವರ ಖಾತೆಗೆ ಹಣ ಹಾಕು ಎಂದು ಹೇಳುವ ಜಾಗ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ `pa` ವಿಳಾಸಕ್ಕೆ ಹೋಗುತ್ತದೆ. ನಿಮಗೆ ಬರುವುದಿಲ್ಲ.

ತೆರೆದ ಮೇಲೆ ಹಣ ಸಿಗುವ ವ್ಯವಸ್ಥೆ ಎಲ್ಲೂ ಇಲ್ಲವೇ?

ಇದೆ, ಆದರೆ ಅದು ಬೇರೆ ದೇಶದ ಬೇರೆ ವ್ಯವಸ್ಥೆ. ಚೀನಾದಲ್ಲಿ ಹೊಸ ವರ್ಷಕ್ಕೆ ಹಿರಿಯರು ಕಿರಿಯರಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುವ ಪದ್ಧತಿ ಹಳೆಯದು. 2014ರ ಹೊಸ ವರ್ಷದ ಹಬ್ಬಕ್ಕೆ ವೀಚಾಟ್ ಆ್ಯಪ್ ಇದನ್ನು ಫೋನಿಗೆ ತಂದಿತು. ಅಲ್ಲಿ ಕಳಿಸಿದವರ ಹಣ ಮೊದಲು ಕಂಪನಿಯ ಬಳಿ ನಿಲ್ಲುತ್ತದೆ. ಪಡೆಯುವವರು ಪರದೆಯ ಮೇಲಿನ ಕೆಂಪು ಲಕೋಟೆಯನ್ನು ಮುಟ್ಟಿ ತೆರೆದಾಗ ಅವರ ವಾಲೆಟ್‌ಗೆ ಸೇರುತ್ತದೆ. 24 ಗಂಟೆಯೊಳಗೆ ತೆರೆಯದಿದ್ದರೆ ಹಣ ಕಳಿಸಿದವರಿಗೇ ಮರಳುತ್ತದೆ. ಒಂದೇ ಮೊತ್ತವನ್ನು ಒಂದು ಗುಂಪಿಗೆ ಹಾಕಿ, ಮೊದಲು ತೆರೆದವರಿಗೆ ಅದೃಷ್ಟದಂತೆ ಹೆಚ್ಚು ಕಡಿಮೆ ಸಿಗುವಂತೆಯೂ ಮಾಡಬಹುದು.

ಅಲ್ಲಿ ಲಕೋಟೆ ನಿಜಕ್ಕೂ ಲಕೋಟೆಯೇ, ಏಕೆಂದರೆ ಹಣ ನಡುವೆ ಒಂದು ಕಡೆ ಕಾದಿರುತ್ತದೆ. ನಮ್ಮ ಯುಪಿಐ ಪಾವತಿಯಲ್ಲಿ ಹಣ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ನೇರ ಹೋಗುತ್ತದೆ. ಪಡೆಯುವವರು ತೆರೆಯಲಿ ಎಂದು ಕಾಯುವ ಹಂತವೇ ಇಲ್ಲ. ಗಮನಿಸಬೇಕಾದ ಇನ್ನೊಂದು ಮಾತೆಂದರೆ, ಚೀನಾದ ಆ ಲಕೋಟೆ ತೆರೆಯುವುದಕ್ಕೂ ಪಾವತಿಯ ಗುಪ್ತಸಂಖ್ಯೆ ಬೇಕಿಲ್ಲ, ಮುಟ್ಟಿದರೆ ಸಾಕು.

ನಮ್ಮಲ್ಲೂ ಅಂಗಡಿಗಳ ಗಿಫ್ಟ್ ವೋಚರ್ ಬಂದಾಗ ಅದರ ಕೋಡನ್ನು ಆಯಾ ಅಂಗಡಿಯ ಆ್ಯಪ್‌ನಲ್ಲಿ ಹಾಕಬೇಕಾಗುತ್ತದೆ. ಅದು ಖರೀದಿಯ ಚೀಟಿ, ಬ್ಯಾಂಕಿಗೆ ಬಂದ ಹಣವಲ್ಲ. ಅಲ್ಲಿಯೂ ಯುಪಿಐ ಪಿನ್ನಿಗೆ ಕೆಲಸವಿಲ್ಲ.

ಮೋಸ ನಡೆಯುವುದು ಎಲ್ಲಿ?

"ತೆರೆದರೆ ಹಣ" ಎಂಬ ನಂಬಿಕೆಯ ಸಂದಿನಲ್ಲೇ ಮೋಸಗಾರರು ನುಗ್ಗುತ್ತಾರೆ. ಮತ್ತೆ ಅಕ್ಕನ ಉದಾಹರಣೆಗೇ ಬರೋಣ. ಹಬ್ಬದ ಹಿಂದಿನ ದಿನ ಅವಳಿಗೆ ಒಂದು ಲಿಂಕ್ ಬರುತ್ತದೆ. ಒತ್ತಿದರೆ ಉಜ್ಜುವ ಕಾರ್ಡ್ ಕಾಣುತ್ತದೆ, ಉಜ್ಜಿದರೆ "ನೀವು 1,999 ರೂಪಾಯಿ ಗೆದ್ದಿದ್ದೀರಿ" ಎಂಬ ಬರಹ. "ಖಾತೆಗೆ ಹಾಕಿಕೊಳ್ಳಿ" ಎಂಬ ಗುಂಡಿ ಒತ್ತಿದೊಡನೆ ಅವಳ ಫೋನಿನಲ್ಲಿರುವ ನಿಜವಾದ ಪಾವತಿ ಆ್ಯಪ್ ತೆರೆದುಕೊಳ್ಳುತ್ತದೆ. ಅಸಲಿ ಆ್ಯಪ್ ಎಂಬ ಕಾರಣಕ್ಕೇ ಅವಳ ಅನುಮಾನ ಕರಗುತ್ತದೆ. ಆ ಗುಂಡಿಯ ಹಿಂದೆ ಇದ್ದದ್ದು ನಾವು ಮೇಲೆ ನೋಡಿದಂಥ `upi://pay` ಸಾಲು. ಪರದೆಯಲ್ಲಿ 1,999 ರೂಪಾಯಿ ಎಂದಿರುತ್ತದೆ ನಿಜ, ಆದರೆ ಅದು ಅವಳು ಕೊಡಬೇಕಾದ ಮೊತ್ತ. ಪಿನ್ ಒತ್ತಿದರೆ ಹಣ ಹೋಯಿತು.

ಇದೇ ಮೋಸದ ಹಳೆಯ ರೂಪ "ಹಣ ಕೇಳುವ ಕೋರಿಕೆ" ಕಳಿಸುವುದು. ಅಪರಿಚಿತರು ಕೋರಿಕೆ ಕಳಿಸಿ, ಟಿಪ್ಪಣಿಯಲ್ಲಿ ಉಡುಗೊರೆ ಎಂದು ಬರೆಯುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವುದನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆದರೆ ವ್ಯಾಪಾರಿಗಳು ಕೋರಿಕೆ ಕಳಿಸಬಹುದು, ಪ್ರತಿ ತಿಂಗಳು ತಾನಾಗಿಯೇ ಹಣ ಕಡಿತವಾಗುವ ಆಟೋಪೇಗೆ ಒಪ್ಪಿಗೆ ಕೇಳುವುದೂ ಉಳಿದಿದೆ. ಲಿಂಕ್ ಮತ್ತು ಕ್ಯೂಆರ್ ಕೋಡ್ ಅಂತೂ ಇದ್ದೇ ಇವೆ. ಆದ್ದರಿಂದ "ಈಗ ಅದೆಲ್ಲ ಬಂದ್ ಆಗಿದೆ" ಎಂದು ನಿಶ್ಚಿಂತೆಯಾಗುವಂತಿಲ್ಲ.

ಇನ್ನೊಂದು ಬಗೆಯಲ್ಲಿ ಲಿಂಕೇ ಇರುವುದಿಲ್ಲ. "5,000 ರೂಪಾಯಿ ಜಮೆಯಾಗಿದೆ" ಎಂಬ ಎಸ್‌ಎಂಎಸ್ ಬರುತ್ತದೆ. ಹಿಂದೆಯೇ ಕರೆ: "ಅಮ್ಮಾ, ತಂಗಿಗೆ ಹಬ್ಬಕ್ಕೆಂದು ಕಳಿಸಿದ ಹಣ ತಪ್ಪಿ ನಿಮಗೆ ಬಂದಿದೆ, ದಯವಿಟ್ಟು ವಾಪಸ್ ಹಾಕಿ." ಎಸ್‌ಎಂಎಸ್ ಬಂದದ್ದು 10 ಅಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ. ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರಿನ ಅಕ್ಷರಗಳಿರುತ್ತವೆ. ಖಾತೆ ತೆರೆದು ನೋಡಿದರೆ ಅಂಥ ಜಮೆಯೇ ಇರುವುದಿಲ್ಲ. ನಿಜವಾಗಿ ತಪ್ಪಿ ಬಂದಿದ್ದರೂ ನೀವೇ ಮರಳಿ ಕಳಿಸಬೇಕಿಲ್ಲ, "ನಿಮ್ಮ ಬ್ಯಾಂಕಿನ ಮೂಲಕ ದೂರು ಕೊಡಿ" ಎಂದರೆ ಸಾಕು.

"ಪಿನ್ ಒತ್ತಿದರೆ ಹಣ ಹೋಗುತ್ತದೆ" ಎಂಬ ಮಾತು ಪೂರ್ತಿ ಸರಿಯೇ?

ಬಹುಮಟ್ಟಿಗೆ ಸರಿ, ಆದರೆ ಎರಡು ವಿಷಯ ತಿಳಿದಿರಬೇಕು. ಒಂದು, ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡಲೂ ಅದೇ ಪಿನ್ ಬೇಕು. ಆಗ ಹಣ ಹೋಗುವುದಿಲ್ಲ. ಹೀಗಾಗಿ ಪಿನ್ ಒತ್ತುವ ಮುನ್ನ ಪರದೆಯ ಮೇಲ್ಭಾಗ ಓದಬೇಕು. ಅಲ್ಲಿ ಯಾರದೋ ಹೆಸರು ಮತ್ತು ಮೊತ್ತ ಇದ್ದರೆ ಅದು ನೀವು ಕೊಡುವ ಹಣ. ಬ್ಯಾಲೆನ್ಸ್ ನೋಡಲು ಆ್ಯಪನ್ನು ನೀವೇ ತೆರೆಯಿರಿ, ಬಂದ ಲಿಂಕಿನ ಮೂಲಕ ಹೋಗಬೇಡಿ.

ಇನ್ನೊಂದು, ಪಿನ್ ಇಲ್ಲದೆಯೂ ಹಣ ಹೋಗಬಹುದು. ಯುಪಿಐ ಲೈಟ್‌ನಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಬೇಕಿಲ್ಲ. ನಮ್ಮ ತಮ್ಮ ಕಳಿಸಿದ್ದು 1,001, ಹಾಗಾಗಿ ಒಂದೇ ರೂಪಾಯಿಯ ವ್ಯತ್ಯಾಸದಿಂದ ಅವನಿಗೆ ಪಿನ್ ಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಬೆರಳಚ್ಚು ಅಥವಾ ಮುಖ ತೋರಿಸಿ ಒಪ್ಪಿಗೆ ಕೊಡುವ ವ್ಯವಸ್ಥೆಯೂ ಪರಿಚಯವಾಗಿದೆ. ಆದ್ದರಿಂದ "ಪಿನ್ ಕೇಳಲಿಲ್ಲ, ಪರವಾಗಿಲ್ಲ" ಎನ್ನುವುದಕ್ಕಿಂತ ಹೀಗೆ ನೆನಪಿಡುವುದು ಒಳ್ಳೆಯದು: ಬರುವ ಹಣಕ್ಕೆ ನಿಮ್ಮ ಯಾವ ಒಪ್ಪಿಗೆಯೂ ಬೇಕಿಲ್ಲ. ಪಿನ್ ಇರಲಿ, ಬೆರಳು ಇರಲಿ, ಒಂದು ಗುಂಡಿ ಇರಲಿ, ಒಪ್ಪಿಗೆ ಕೇಳಿದರೆ ಹಣ ಹೋಗುವ ದಿಕ್ಕಿನಲ್ಲಿದೆ.

ಹಣ ಕಡಿತವಾಗಿ ಅಕ್ಕನಿಗೆ ತಲುಪದಿದ್ದರೆ?

ಹಬ್ಬದ ದಿನ ವ್ಯವಹಾರ ಹೆಚ್ಚಿದಾಗ ಯಾವುದಾದರೂ ಬ್ಯಾಂಕಿನ ಉತ್ತರ ತಡವಾಗಬಹುದು. ತಮ್ಮನ ಖಾತೆಯಿಂದ ಕಡಿತವಾಗಿ, ಪರದೆಯಲ್ಲಿ ಹಸಿರು ಗುರುತಿನ ಬದಲು "ಬಾಕಿ ಇದೆ" ಎಂದು ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕೂಡಲೇ ಇನ್ನೊಮ್ಮೆ ಕಳಿಸುವುದು. ಮೊದಲನೆಯದೂ ತಲುಪಿದರೆ ಎರಡು ಸಲ ಹೋದಂತಾಗುತ್ತದೆ. ಅಕ್ಕನ ಕೇಸಿನಲ್ಲಿ ಅದನ್ನು ಮುಂದಿನ ಹಬ್ಬಕ್ಕೆ ಲೆಕ್ಕ ಹಾಕಿಕೊಳ್ಳಬಹುದು, ಎಲ್ಲರ ಜೊತೆ ಹಾಗಾಗುವುದಿಲ್ಲ.

ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಕಡಿತವಾಗಿ ಜಮೆಯಾಗದ ಹಣ ಮರುದಿನದೊಳಗೆ ಕಳಿಸಿದವರ ಖಾತೆಗೆ ತಾನಾಗಿಯೇ ಮರಳಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ತಮ್ಮ ಮಾಡಬೇಕಾದ್ದು ಇಷ್ಟೇ: 12 ಅಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಒಂದು ದಿನ ಕಾಯುವುದು, ಮರಳದಿದ್ದರೆ ಆ್ಯಪ್‌ನಲ್ಲಿ ಅದೇ ವ್ಯವಹಾರ ತೆರೆದು ದೂರು ಹಾಕುವುದು, ಬ್ಯಾಂಕಿಗೂ ತಿಳಿಸುವುದು.

ತಪ್ಪು ಸಂಖ್ಯೆಗೆ ಕಳಿಸಿದ ಹಣದ ಕಥೆ ಬೇರೆ. ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಯಶಸ್ವಿ ಪಾವತಿ, ತಾನಾಗಿ ಮರಳುವುದಿಲ್ಲ. ಬ್ಯಾಂಕಿಗೆ ದೂರು ಕೊಡಬಹುದು, ಆದರೆ ಆ ಕಡೆಯವರು ಒಪ್ಪಬೇಕಾಗುತ್ತದೆ. ಕಳಿಸುವ ಮುನ್ನ ಬ್ಯಾಂಕ್ ದಾಖಲೆಯ ಹೆಸರು ಓದಬೇಕು ಎಂದು ನಾವು ಮೊದಲೇ ಹೇಳಿದ್ದು ಇದಕ್ಕೇ.

ಮೋಸ ಹೋದೆವು ಎಂದು ತಿಳಿದರೆ ಏನು ಮಾಡಬೇಕು?

ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ಹಣಕಾಸಿನ ಸೈಬರ್ ಮೋಸಗಳಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. `cybercrime.gov.in` ತಾಣದಲ್ಲೂ ದೂರು ದಾಖಲಿಸಬಹುದು. 12 ಅಂಕಿಯ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಸುತ್ತಾರೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿ ಇರುವಾಗಲೇ ದೂರು ತಲುಪಿದರೆ ಮಾತ್ರ ತಡೆಹಿಡಿಯಲು ಸಾಧ್ಯ. "ಮನೆಯವರು ಬೈಯುತ್ತಾರೆ, ಹಬ್ಬ ಮುಗಿಯಲಿ" ಎಂದು ಕಾದರೆ ಆ ಅವಕಾಶ ಕೈತಪ್ಪುತ್ತದೆ.

ತೀರ್ಮಾನ

ಶುಭಾಶಯ ಕಾರ್ಡ್ ತೆರೆದು ಪಿನ್ ಒತ್ತಿದರೆ ಮಾತ್ರ ಉಡುಗೊರೆ ಹಣ ಸಿಗುತ್ತದೆ ಎಂಬ ನಂಬಿಕೆ ಸುಳ್ಳು. ಯುಪಿಐನಲ್ಲಿ ಕಳಿಸುವವರ ಒಪ್ಪಿಗೆ ಒಂದಿದ್ದರೆ ಸಾಕು, ಹಣ ನೇರ ಖಾತೆಗೆ ಬರುತ್ತದೆ. ಬರೆದ ಸಾಲು ಅದರ ಜೊತೆಗೆ ಬರುತ್ತದೆ, ಚಿತ್ರ ಬಂದರೂ ಬರಬಹುದು, ಬಾರದೆಯೂ ಇರಬಹುದು. ಈ ಹಬ್ಬಕ್ಕೆ ನಿಮ್ಮ ಫೋನಿಗೆ ಉಡುಗೊರೆಯ ಸಂದೇಶ ಬಂದರೆ ಅದನ್ನು ಒತ್ತುವ ಮೊದಲು ಖಾತೆ ನೋಡಿ. ಹಣ ಅಲ್ಲಿದ್ದರೆ ತಮ್ಮನಿಗೋ ಅಣ್ಣನಿಗೋ ಕರೆ ಮಾಡಿ "ತಲುಪಿತು" ಎನ್ನಿ. ಅಲ್ಲಿಲ್ಲದಿದ್ದರೆ, ಆ ಕಾರ್ಡಿನೊಳಗೂ ಇಲ್ಲ.